ಮುಟ್ಟದ ಸೂಜಿ

ಬೇರಿಕೆಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವರು ಇಬ್ಬರೇ, ನಾನು ಮತ್ತು ಲಕ್ಷ್ಮೀಪತಿ ಮೇಷ್ಟ್ರು. 2004ರ ವಿಜ್ಞಾನ ಪ್ರದರ್ಶನಕ್ಕೆಂದು ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಸೂಜಿಯುದ್ದದ ಅಂತರ ಬಿಟ್ಟು ಸಮಾನಾಂತರ ಗೆರೆಗಳನ್ನೆಳೆದು, ದಿನವೂ ಶಾಲೆ ಬಿಟ್ಟ ಮೇಲೆ ಸೂಜಿ ಎಸೆಯುತ್ತಿದ್ದೆವು. ಅದು ಗೆರೆ ದಾಟಿ ಬೀಳುವ ಸಂಭವನೀಯತೆ, ಎರಡನ್ನು ಪೈಯಿಂದ ಭಾಗಿಸಿದಷ್ಟು. ಹಾಗಾಗಿ ಒಟ್ಟು ಎಸೆತಗಳ ಎರಡರಷ್ಟನ್ನು ದಾಟಿದ ಎಸೆತಗಳಿಂದ ಭಾಗಿಸಿದರೆ ಪೈ, ಅಂದರೆ 3.14ರ ಹತ್ತಿರ ಬರಬೇಕು.

ಐನೂರು ಎಸೆತಕ್ಕೆ ನಮಗೆ ಬಂದದ್ದು 2.94. ತಪ್ಪು ಮೇಷ್ಟ್ರದೇ. ಕೂದಲೆಳೆಯಷ್ಟು ದೂರ ಬಿದ್ದ ಸೂಜಿಯನ್ನೂ ದಾಟಿದ ಲೆಕ್ಕಕ್ಕೆ ಸೇರಿಸುತ್ತಿದ್ದರು.

"ಮುಟ್ಟಿಲ್ಲ ಅಂದ್ರೆ ಮುಟ್ಟಿಲ್ಲ ಮೇಷ್ಟ್ರೇ!" ಎಂದು ನಾನು ರೇಗುತ್ತಿದ್ದೆ.

"ಅಷ್ಟು ಹತ್ರ ಬಂದೈತಲ್ಲ ಟೀಚರ್, ಇಲ್ಲ ಅಂತ ಹೆಂಗ್ ಬರೀಲಿ?" ಎಂದು ಅವರು ನನ್ನ ಮುಖ ನೋಡುತ್ತಿದ್ದರು. ನಾನು ಸೂಜಿ ನೋಡುತ್ತಿದ್ದೆ.

ಜೂನ್‌ನಲ್ಲಿ ಅವರಿಗೆ ಕೃಷ್ಣಗಿರಿಯ ಆಚೆಗೆ ವರ್ಗವಾಯಿತು.

ಮರುವರ್ಷ ನಾನೊಬ್ಬಳೇ ಎಸೆದೆ, ಕಟ್ಟುನಿಟ್ಟಾಗಿ. ಐನೂರರಲ್ಲಿ 318 ದಾಟಿದವು. ಉತ್ತರ 3.14! ಹೆಡ್ಮಾಸ್ಟರು ಎಲ್ಲರೆದುರು ಹೊಗಳಿದರು. ನನಗೆ ಮಾತ್ರ ಆ ಸರಿಯುತ್ತರ ಹಿಡಿಸಲೇ ಇಲ್ಲ.

ಎಲ್ಲರೂ ಮನೆಗೆ ಹೋದ ಮೇಲೆ ಇನ್ನೊಂದು ಸಲ ಎಸೆದೆ. ಸೂಜಿ ಗೆರೆಯ ಪಕ್ಕದಲ್ಲೇ ಬಿತ್ತು, ಕೂದಲೆಳೆಯಷ್ಟು ದೂರದಲ್ಲಿ. ತುಂಬ ಹೊತ್ತು ಅದನ್ನೇ ನೋಡುತ್ತ ಕೂತಿದ್ದೆ.

ಆಮೇಲೆ ನೋಟ್‌ಬುಕ್ಕಿನಲ್ಲಿ ಬರೆದೆ: ಮುಟ್ಟಿದೆ.