ಎರಡರಿಂದ ಶುರುವಾಗುವ ಪಟ್ಟಿ

ಹರ್ಷದಾಳ ಕವರ್ ಲೆಟರಿಗೆ ಇನ್ನೊಂದೇ ಸಾಲು ಬೇಕಾಗಿತ್ತು. ಆ ಸಾಲಿಗಾಗಿಯೇ ಅವಳು ಫೋನು ಕೈಗೆತ್ತಿಕೊಂಡಳು.

ಜಮಖಂಡಿಯಲ್ಲಿ ಬಿ.ಕಾಂ. ಮುಗಿಸಿದ ಹುಡುಗಿ. ದಿನಾ ಬಸ್ಸು ಹಿಡಿದು ಬಂದು ರಬಕವಿಯ ಮುತ್ತಣ್ಣನವರ ಸೀರೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದಳು. ಮಧ್ಯಾಹ್ನ ಗಿರಾಕಿ ಇಲ್ಲದಾಗ ಅಂಗಡಿಯ ಕಂಪ್ಯೂಟರಿನಲ್ಲೇ ಪೈಥಾನ್ ಕಲಿತಳು. ಈಗ ಹುಬ್ಬಳ್ಳಿಯ ಕಂಪನಿಯೊಂದಕ್ಕೆ ಜೂನಿಯರ್ ಡೇಟಾ ಸೈಂಟಿಸ್ಟ್ ಬೇಕಾಗಿದ್ದರು. ಪದವಿ ಬೇರೆ, ಕೆಲಸ ಬೇರೆ. ನಡುವಿನ ಹಳ್ಳವನ್ನು ಈ ಪತ್ರವೇ ದಾಟಿಸಬೇಕು. ಪೋರ್ಟ್‌ಫೋಲಿಯೊದಲ್ಲಿ ಇದ್ದದ್ದು ಪುಟ್ಟ ಪುಟ್ಟ ಕೆಲಸಗಳು. ಅವುಗಳಲ್ಲಿ ಒಂದರ ಮೇಲೆ ಮಾತ್ರ ಅವಳಿಗೆ ಭರವಸೆ. ಮುತ್ತಣ್ಣನವರ ಅಪ್ಪಣೆ ಪಡೆದು ಹಳೆಯ ಬಿಲ್ಲುಗಳನ್ನೆಲ್ಲ ತೆಗೆದುಕೊಂಡು, ಮುಂದಿನ ವರ್ಷ ಯಾವ ಗಿರಾಕಿ ಮತ್ತೆ ಬರುತ್ತಾರೆಂದು ಅಂದಾಜು ಮಾಡುವ ಕಂಪ್ಯೂಟರ್ ಮಾದರಿ ಕಟ್ಟಿದ್ದಳು. ಹಿಂದಿನ ವರ್ಷಗಳ ಬಿಲ್ಲುಗಳಿಂದ ಅದಕ್ಕೆ ಕಲಿಸಿ, ಕಳೆದ ವರ್ಷದ ಬಿಲ್ಲುಗಳ ಮೇಲೆ ಪರೀಕ್ಷಿಸಿದ್ದಳು. ಹೊರಗಿನವರಿಗೆ ಕಾಣುವ ಕಡೆ ಹೆಸರಿನ ಬದಲು ಬರೀ ಸಂಖ್ಯೆ ಇಟ್ಟಿದ್ದಳು.

‘ಈ ಪಟ್ಟಿ ಹಿಡಿದು ಅಂಗಡಿಯವರು ನೇರವಾಗಿ ಗಿರಾಕಿಗೆ ಫೋನು ಮಾಡಬಹುದು’ ಎಂದು ಪತ್ರದಲ್ಲಿ ಬರೆದಾಗಿತ್ತು. ಮಾಡಿ ನೋಡಿದ್ದೇನೆ ಎಂದು ಸೇರಿಸಿದರೆ ತೂಕ ಬರುತ್ತದಲ್ಲ? ಪಟ್ಟಿಯಲ್ಲಿ ಒಂದನೆಯ ಹೆಸರು ಸತ್ಯವ್ವ. ತಪ್ಪದೆ ಬರುವವಳು, ಎಲ್ಲರಿಗಿಂತ ಖಾತ್ರಿ ಎಂದು ಮಾದರಿ ಹೇಳಿತ್ತು.

ಫೋನು ಎತ್ತಿದವಳು ಅನಸವ್ವ ಎಂಬ ನಡುವಯಸ್ಸಿನ ಹೆಂಗಸು. ಹಿಂದೆ ಕುರಿಗಳ ಸದ್ದು ಕೇಳುತ್ತಿತ್ತು. ಸತ್ಯವ್ವ ಈ ವರ್ಷವೂ ಸೀರೆಗೆ ಬರುತ್ತಾಳೆಂದು ಕಂಪ್ಯೂಟರ್ ತೋರಿಸಿದೆ, ಯಾವಾಗ ಬರುತ್ತೀರಿ ಎಂದು ಹರ್ಷದಾ ನಗುನಗುತ್ತಲೇ ಕೇಳಿದಳು.

“ಅವ್ವ ಸತ್ತು ಭಾಳ ವರ್ಷ ಆತವ್ವಾ,” ಎಂದಳು ಅನಸವ್ವ. ಆಮೇಲೆ, ಯಾರಿಗೂ ಕೇಳಬಾರದೆಂಬಂತೆ ದನಿ ತಗ್ಗಿಸಿ, “ಅಕಿ ಬರ್ತಾಳಂತೇನು? ಖರೇನ?”

ಹರ್ಷದಾ ತಪ್ಪಾಯಿತೆಂದು ಫೋನು ಇಟ್ಟಳು. ಬಿಲ್ಲುಗಳನ್ನು ತೆರೆದರೆ ಸತ್ಯವ್ವ ಬಂದಿದ್ದಳು, ಪ್ರತಿ ವರ್ಷ, ದೀಪಾವಳಿ ಪಾಡ್ಯದ ಮೊದಲ ಬಿಲ್ಲಿಗೆ. ಕಳೆದ ವರ್ಷ ಕೂಡ. ಫ್ಯಾನಿನ ಗಾಳಿಗೆ ತೂಗುಹಾಕಿದ ಸೀರೆಯೊಂದರ ಸೆರಗು ಅಲುಗಿತು. ಅವಳು ತಿರುಗಿ ನೋಡಲಿಲ್ಲ.

ಊಟ ಮುಗಿಸಿ ಬಂದ ಮುತ್ತಣ್ಣನವರು ಪರದೆ ನೋಡಿ, ಕುಳಿತು ಹೇಳತೊಡಗಿದರು. ಅವರ ಅಪ್ಪ ಅಂಗಡಿ ತೆರೆದ ವರ್ಷ ಪಾಡ್ಯದಂದು ಸಂಜೆಯಾದರೂ ಬೋಣಿ ಆಗಿರಲಿಲ್ಲವಂತೆ. ಹೊಳೆದಂಡೆಗೆ ಕುರಿ ಹೊಡೆದುಕೊಂಡು ಬಂದ ಸತ್ಯವ್ವ ಅವರ ಮುಖ ನೋಡಿ, ತನಗೆ ಬೇಕಿಲ್ಲದಿದ್ದರೂ ಒಂದು ಸೀರೆ ಕೊಂಡಿದ್ದಳು. ಅಂದಿನಿಂದ ಪಾಡ್ಯದ ಬೋಣಿ ಅವಳದೇ. ಅವಳು ಹೋದ ಮೇಲೂ ಮುತ್ತಣ್ಣನವರು ಬೆಳಿಗ್ಗೆ ಒಬ್ಬರೇ ಬಂದು, ತಮ್ಮ ಜೇಬಿನ ರೊಕ್ಕ ಗಲ್ಲಾಪೆಟ್ಟಿಗೆಗೆ ಹಾಕಿ, ಅವಳ ಹೆಸರಿಗೆ ಬಿಲ್ಲು ಮಾಡಿ, ಆ ಸೀರೆಯನ್ನು ಅಂದು ಎದುರಾದ ಯಾರಾದರೂ ಬಡ ಮುದುಕಿಗೆ ಉಡಿಸುತ್ತಿದ್ದರು.

“ನಿನ್ನ ಕಂಪ್ಯೂಟರ್ ಸುಳ್ಳೇನ್ ಹೇಳೇತಿ ತಂಗಿ?” ಎಂದರು. “ಬರೂದಂತೂ ಅಕಿ ಬರ್ತಾಳ.”

ಹರ್ಷದಾ ಆ ಹೆಸರು ತೆಗೆದು ಮಾದರಿಯನ್ನು ಮತ್ತೆ ನಡೆಸಿದಳು. ಅಷ್ಟೊಂದು ಗಿರಾಕಿಗಳ ನಡುವೆ ಒಂದು ಹೆಸರು ಹೋದರೆ ಅಂಕಿ ಕದಲುತ್ತದೆಯೇ? ಇಲ್ಲ. ಸುಮ್ಮನಿದ್ದರೆ ಹುಬ್ಬಳ್ಳಿಯವರಿಗೆ ಎಂದೂ ತಿಳಿಯುತ್ತಿರಲಿಲ್ಲ. ಆದರೆ ‘ಖರೇನ?’ ಎಂದ ಆ ದನಿ ಕಿವಿ ಬಿಟ್ಟು ಹೋಗಲೊಲ್ಲದು. ಮರುದಿನ ಅನಸವ್ವನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದಳು. ಪತ್ರದಲ್ಲಿ ಬರೆಯಲೇ ಎಂದು ಕೇಳಿದಳು.

ಅನಸವ್ವ ಮೂಗೊರೆಸಿಕೊಂಡಳು. “ಬರಿಯವ್ವಾ. ಹೆಸರು ಬ್ಯಾಡ. ಆದ್ರ ಅಕಿ ಜಾಗಾದಾಗ ಇನ್ನೊಬ್ಬರನ್ನ ಕೂಡಸಬ್ಯಾಡ.”

ಹರ್ಷದಾ ನೇರವಾಗಿ ಫೋನು ಮಾಡಬಹುದೆಂಬ ಸಾಲನ್ನು ಹೊಡೆದುಹಾಕಿದಳು. ಆ ಜಾಗದಲ್ಲಿ, ಖಾತ್ರಿ ಬರುತ್ತಾರೆಂದು ತನ್ನ ಮಾದರಿ ಹೇಳಿದವರು ತೀರಿಕೊಂಡಿದ್ದರು, ಬಿಲ್ಲಿನ ಹಿಂದಿನ ರೂಢಿಯನ್ನು ಕೇಳದೆ ಒಬ್ಬರ ಮನಸ್ಸು ನೋಯಿಸಿದೆ, ಈಗ ಮೊದಲು ಕೇಳಿ ಆಮೇಲೆ ಎಣಿಸುತ್ತೇನೆ ಎಂದು ಬರೆದು ಕಳಿಸಿದಳು.

ಹುಬ್ಬಳ್ಳಿಯಿಂದ ಕರೆ ಬಂತು. ಸೀರೆಯ ಗಂಟುಗಳ ನಡುವೆ ಕುಳಿತು ಅವಳು ವಿಡಿಯೋದಲ್ಲಿ ಸಂದರ್ಶನ ಕೊಟ್ಟಳು. ಮಾದರಿಗೆ ಹೇಗೆ ಕಲಿಸಿದೆ, ಹೇಗೆ ಪರೀಕ್ಷಿಸಿದೆ ಎಂಬುದೆಲ್ಲ ಮುಗಿದ ಮೇಲೆ ಅಲ್ಲಿಯ ಹಿರಿಯ ಹೆಣ್ಣುಮಗಳು, ಪತ್ರ ಓದಿದ್ದೇನೆ, ಆದರೂ ನಿಮ್ಮ ಪಟ್ಟಿ ಎರಡರಿಂದ ಯಾಕೆ ಶುರುವಾಗುತ್ತದೆ ಎಂದು ಕೇಳಿದರು.

ಹರ್ಷದಾ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಈ ವರ್ಷ ಬರ್ತಾರೇನು ಅವರು?”

“ಪಾಡ್ಯಕ್ಕ ಬರ್ತಾರ್ರಿ.”

“ಹಂಗಾದ್ರ ನೀವು ಪಾಡ್ಯ ಮುಗಿಸ್ಕೊಂಡ ಬಂದು ಕೆಲಸಕ್ಕ ಸೇರ್ರಿ.”

ಪಾಡ್ಯದ ಬೆಳಿಗ್ಗೆ ಮುತ್ತಣ್ಣನವರು ಬಿಲ್ಲಿನ ಕೆಲಸವನ್ನು ಅವಳಿಗೆ ಬಿಟ್ಟರು. ಹಳೆಯ ಫೋನು ನಂಬರು ಒತ್ತುತ್ತಲೇ ಪರದೆಯ ಮೇಲೆ ಸತ್ಯವ್ವನ ಹೆಸರು ತಾನಾಗಿ ಮೂಡಿತು. ಹೊರಗೆ ಹೊಸ್ತಿಲ ಬಳಿ ಯಾರೋ ಚಪ್ಪಲಿ ಬಿಡುತ್ತಿದ್ದ ಸದ್ದು. ಹರ್ಷದಾ ಬಾಗಿಲ ಕಡೆ ನೋಡದೆಯೇ, ಹಿರಿಯರು ಬಂದಾಗ ಏಳುವಂತೆ ಎದ್ದು ನಿಂತಳು.