ಹಂತಗಳಿಲ್ಲದ ಉತ್ತರ

"ನಿನ್ನ ಹಳೇ ಮನೆಗೆ ಆಗ್ಲೇ ಯಾರೋ ಬಾಡಿಗೆಗೆ ಬಂದ್ಬಿಟ್ಟಿದಾರೆ ಕಣೇ. ಬಣ್ಣಗಿಣ್ಣ ಏನೂ ಹೊಡ್ಸಿಲ್ಲ. ಬಾಗಿಲ ಪಕ್ಕ ನಿನ್ನ ಮಗಳ ಎತ್ತರ ಅಳೆದ ಪೆನ್ಸಿಲ್ ಗೆರೆ ಕೂಡ ಹಾಗೇ ಇದೆ."

ತಂಗಿ ಹೀಗೆನ್ನುವಾಗ ನರ್ಸ್ ಅಕ್ಕ ಡ್ಯೂಟಿ ಮುಗಿಸಿ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ದಾರಿ ತಪ್ಪಿ ಅಲ್ಲಿಗೆ ಹೋಗಿದ್ದ ಕೊರಿಯರ್ ತರಲು ಹೋದ ತಂಗಿ, ಹೊಸ ಬಾಡಿಗೆಯವರನ್ನು ಕೇಳಿ ಗೋಡೆಯ ಫೋಟೋನೂ ಹೊಡೆದುಕೊಂಡು ಬಂದಿದ್ದಳು.

ಅಕ್ಕನಿಗೆ ನಗು ಬಂತು, ಒಳ್ಳೆಯ ನಗುವಲ್ಲ. ಮನೆ ಖಾಲಿ ಮಾಡಿ ತಿಂಗಳಾಗಿತ್ತು. ಮಗಳನ್ನು ಕಟ್ಟಿಕೊಂಡು ತಂಗಿಯ ಮನೆಯ ಹಾಲ್‌ನಲ್ಲಿ ಮಲಗುತ್ತಿದ್ದಳು. ನೋಡಿಟ್ಟ ಹೊಸ ಮನೆಯವರು ಶನಿವಾರದೊಳಗೆ ಅಡ್ವಾನ್ಸ್ ಬರದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದಿದ್ದರು.

ಹಳೆಯ ಮನೆಯ ಓನರು ನಿವೃತ್ತ ಲೆಕ್ಕದ ಮೇಷ್ಟ್ರು. ಅವಳು ನೇರವಾಗಿಯೇ ಪತ್ರ ಬರೆದು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದ್ದಳು: ಕೀಲಿ ಕೊಟ್ಟ ತಾರೀಖು ಇದು, ಕರೆಂಟು-ನೀರಿನ ಕೊನೆಯ ಬಿಲ್ ಕಟ್ಟಿದ ರಸೀದಿ ಲಗತ್ತಿಸಿದೆ, ಅಡ್ವಾನ್ಸ್ ವಾಪಸ್ ಕೊಡಿ, ಏನಾದರೂ ಮುರಿದುಕೊಂಡರೆ ಯಾವುದಕ್ಕೆ ಎಷ್ಟು ಅಂತ ಬಿಲ್ ಸಮೇತ ತಿಳಿಸಿ. ಉತ್ತರ ಒಂದೇ ಸಾಲಿನಲ್ಲಿ ಬಂದಿತ್ತು. 'ಬಣ್ಣ, ರಿಪೇರಿ, ಇತ್ಯಾದಿ' ಎಂದು ಮುಕ್ಕಾಲು ಪಾಲು ಮುರಿದು, ಉಳಿದ ಕಾಲು ಪಾಲನ್ನು ದಾನ ಮಾಡುವವರ ಗತ್ತಿನಲ್ಲಿ ತೋರಿಸಿದ್ದರು. ಹೊಡೆಸದ ಬಣ್ಣವೇ ಅಷ್ಟು ತಿಂದರೆ, ಪಾಪ, ಆ ಇತ್ಯಾದಿಗೆ ಎಷ್ಟು ಹಸಿವಿರಬೇಕು.

ಅಕ್ಕ ಆ ಉತ್ತರದ ಜೆರಾಕ್ಸ್ ತೆಗೆದಳು. ಮಗಳ ಪೆನ್ಸಿಲ್ ಬಾಕ್ಸಿನಿಂದ ಕೆಂಪು ಪೆನ್ನು ಕಿತ್ತುಕೊಂಡು ಇತ್ಯಾದಿಗೆ ದೊಡ್ಡ ಸುತ್ತು ಹಾಕಿ, ಪಕ್ಕದಲ್ಲಿ ಓರೆಯಾಗಿ ಬರೆದಳು: 'ಹಂತಗಳಿಲ್ಲ. ಅಂಕವಿಲ್ಲ.' ಎಂಟನೇ ಕ್ಲಾಸಿನಲ್ಲಿ, ಉತ್ತರ ಸರಿಯಿದ್ದರೂ, ಇದೇ ಮೇಷ್ಟ್ರು ಅವಳ ಪುಸ್ತಕದಲ್ಲಿ ಗೀಚುತ್ತಿದ್ದ ಮಾತು. ಆ ಎರಡು ಮಾತಿಗೆ ಅವಳು ವರ್ಷವಿಡೀ ಅತ್ತಿದ್ದಳು. ಗೋಡೆಯ ಫೋಟೋ ಜೊತೆ ಅದನ್ನು ವಾಟ್ಸಾಪಿನಲ್ಲಿ ಕಳಿಸಿದಳು.

ಕಾಲು ಗಂಟೆಯಲ್ಲಿ ಫೋನು ಬಂತು. ಮೇಷ್ಟ್ರು ಮೊದಲು ಸಂಸ್ಕಾರದ ಬಗ್ಗೆ ಪಾಠ ಮಾಡಿದರು. ಆಮೇಲೆ ಬಣ್ಣ ಮುಂದೆ ಹೊಡೆಸುವುದಿದೆ ಎಂದರು. ಆಮೇಲೆ ನಲ್ಲಿ ಸೋರುತ್ತಿತ್ತು ಎಂದರು. ನಲ್ಲಿ ಬದಲಾಯಿಸಿದ್ದು ತಾನೇ, ರಸೀದಿ ಇದೆ ಎಂದು ಅವಳು ಹೇಳಿದ ಮೇಲೆ ಸ್ವಲ್ಪ ಹೊತ್ತು ಕೆಮ್ಮಿದರು.

"ಹಂತ ಅಂತ ಬರೆಯೋದನ್ನ ನಿಂಗ್ಯಾರಮ್ಮ ಹೇಳ್ಕೊಟ್ಟಿದ್ದು?"

"ನೀವೇ ಸಾರ್. ಎಂಟನೇ ಕ್ಲಾಸು, ಬಿ ಸೆಕ್ಷನ್ನು."

ಎರಡು ವರ್ಷ ಬಾಡಿಗೆ ಇಸಿದುಕೊಂಡವರಿಗೆ, ಕೊಟ್ಟವಳು ತಮ್ಮ ಹಳೆಯ ಶಿಷ್ಯೆ ಎಂದು ಈಗ ಗೊತ್ತಾಯಿತು.

"ನಾಳೆ ಹತ್ತು ಗಂಟೆಗೆ ಆ ಮನೆ ಹತ್ರ ಬಾ," ಎಂದರು ಕೊನೆಗೆ, ದನಿ ತಗ್ಗಿಸಿ. "ಕೂತು ಒಂದೊಂದೇ ನೋಡೋಣ."

"ಬರ್ತೀನಿ ಸಾರ್. ಬಿಲ್ ತನ್ನಿ. ಚೆಕ್ ಬುಕ್ಕೂ ತನ್ನಿ. ಕೆಂಪು ಪೆನ್ನು ನಾನು ತರ್ತೀನಿ."