ಸುಣ್ಣ ಹಚ್ಚಿದ ತುಪ್ಪ

“ತುಪ್ಪ ಅಲ್ಲ, ಡಾಲ್ಡಾ ಅಂತ ಊರೆಲ್ಲಾ ಹಬ್ಬ್ಯಾದ ಭರಮವ್ವ! ನಿನ್ನಿ ಹೋಳಿಗಿ ತಿಂದ ಯಾವನೋ ವಿಡಿಯೋ ಮಾಡಿ ಹಾಕ್ಯಾನ. ನೋಡಿದ್ಯೋ ಇಲ್ಲೋ?”

ಖಾನಾವಳಿಯ ಹಾಲೇಶಪ್ಪ ಮೊಬೈಲನ್ನು ಅವಳ ಮುಖಕ್ಕೇ ಹಿಡಿದ. ಅದರೊಳಗೆ ಒಂದು ಕೈ, ಒಂದು ಹೋಳಿಗೆ, ಮೇಲೆ ಹೆಪ್ಪುಗಟ್ಟಿದ ಹರಳುಹರಳಾದ ತುಪ್ಪ. “ಆಕಳ ತುಪ್ಪ ಅಂತಾರ, ಮೇಣ ನೋಡ್ರಪ್ಪೋ” ಎಂದು ಒಂದು ದನಿ ನಗುತ್ತಿತ್ತು.

ಭರಮಮ್ಮ ಸ್ಟೀಲ್ ಕ್ಯಾನನ್ನು ಕಂಕುಳಲ್ಲಿ ಇನ್ನಷ್ಟು ಒತ್ತಿಕೊಂಡಳು. ಕೋಗಳಿಯಿಂದ ಬೆಳಗಿನ ಬಸ್ಸಿಗೆ ಬಂದಿದ್ದಳು, ಒಳಗೆ ಮೂರು ಕೆಜಿ ತುಪ್ಪ. ಕೊಟ್ಟೂರಿನಲ್ಲಿ ಸೋಮವಾರ ದರ್ಶನಕ್ಕೆ ಬಂದವರಿಗೆಲ್ಲ ಹಾಲೇಶಪ್ಪನ ಖಾನಾವಳಿ ಹೋಳಿಗೆಯೇ ಪ್ರಸಾದವಿದ್ದಂತೆ. ಬಾಗಿಲ ಪಕ್ಕದ ಕರಿಹಲಗೆಯಲ್ಲಿ ಸೀಮೆಸುಣ್ಣದಿಂದ ದಪ್ಪಕ್ಕೆ ಬರೆದಿತ್ತು: ‘ಶುದ್ಧ ಆಕಳ ತುಪ್ಪದ ಹೋಳಿಗೆ’. ಎರಡು ವರ್ಷದಿಂದ ಆ ತುಪ್ಪ ಭರಮಮ್ಮನದೇ. ವಾರಕ್ಕೆ ಮೂರು ಕೆಜಿ, ಕೆಜಿಗೆ ಸಾವಿರ.

“ಅಣ್ಣಾರ, ಡಾಲ್ಡಾ ಆಗಿದ್ರ ನನ್ನ ಕೈ ಕಡೀರಿ. ಚಳಿ ಬಿದ್ದೈತಿ, ತುಪ್ಪ ಹೆಪ್ಪುಗಟ್ಟದ ಏನು ಮಾಡೀತು?”

“ಹೋದ ವರ್ಷ ಚಳಿ ಇರಲಿಲ್ಲೇನು? ಆವಾಗ ಹಿಂಗ ಹರಳು ಕಟ್ಟಿತ್ತೇನು?”

ಆ ಮಾತಿಗೆ ಅವಳಲ್ಲಿ ಉತ್ತರವಿತ್ತು, ಬಾಯಿಗೆ ತರುವಂತಿರಲಿಲ್ಲ. ಮನೆಯ ಜರ್ಸಿ ಆಕಳು ಗೌರಿ ಗಬ್ಬವಾಗಿ ಏಳು ತಿಂಗಳು ತುಂಬಿತ್ತು. ಈಯಲು ಎರಡು ತಿಂಗಳಿದೆ ಎನ್ನುವಾಗ ಹಾಲು ಬತ್ತಿಸಲೇಬೇಕು, ಬತ್ತಿಸಿದ್ದಳು. ಗಂಡ ಪಾಲಾಕ್ಷಪ್ಪ ಆ ದಿನದಿಂದಲೇ ಗೊಣಗುತ್ತಿದ್ದ: “ಹಾಲಿಲ್ಲದ್ದಕ್ಕ ಎರಡು ತಿಂಗಳು ಹಿಂಡಿ ಹಾಕೋದು ಯಾರು? ಖಾನಾವಳಿ ತುಪ್ಪದ ಆರ್ಡರ್ ನಡದ್ರ ಆಕಳು ಇರಲಿ. ಅದೂ ತಪ್ಪಿತೋ, ಗಬ್ಬದ ಆಕಳು ಅಂತ ಒಳ್ಳೇ ರೇಟಿಗೆ ಮಾರಿ ಹಾಕ್ತೀನಿ.” ಹಡಗಲಿ ಕಡೆಯ ದಲ್ಲಾಳಿ ಇವತ್ತೇ ಬರುವವನಿದ್ದ. ಗೌರಿಯನ್ನು ಕರುವಿದ್ದಾಗಿನಿಂದ ಸಾಕಿದವಳು ಭರಮಮ್ಮ. ಅವಳು ಬಂದರೆ ಮಾತ್ರ ಎದ್ದು ನಿಲ್ಲುವ ಆಕಳು ಅದು.

ಆದ್ದರಿಂದ ಮೂರು ವಾರದಿಂದ ಅವಳು ಎರಡು ಎಮ್ಮೆಗಳ ಹಾಲನ್ನು ಹೆಪ್ಪು ಹಾಕಿ, ಕಡೆದು, ಬೆಣ್ಣೆ ಕಾಸಿ ತಂದಿದ್ದಳು. ಎಮ್ಮೆ ತುಪ್ಪ ಬಿಳಿ. ಅವಳ ಅವ್ವ ಬೆಣ್ಣೆ ಕಾಸುವಾಗ ಒಂದು ವೀಳ್ಯದೆಲೆ, ಒಂದು ಚಿಟಿಕೆ ಅರಿಶಿಣ ಹಾಕುತ್ತಿದ್ದಳು. ಚಿಟಿಕೆ ಭರಮಮ್ಮನ ಕೈಯಲ್ಲಿ ಚಮಚವಾಗಿತ್ತು, ಅಷ್ಟೇ.

“ಬೈಯೋದು ಆಮ್ಯಾಲೆ ಧಣೇರ” ಎಂದ ಒಳಗಿನಿಂದ ಉಚ್ಚಂಗೆಪ್ಪ. ಮೂವತ್ತು ವರ್ಷದಿಂದ ಅಲ್ಲಿ ಹೋಳಿಗೆ ಬೇಯಿಸುವ, ಹರಪನಹಳ್ಳಿ ಕಡೆಯ ಮುದುಕ. ಬಾಯಲ್ಲಿ ಸದಾ ಎಲೆಅಡಿಕೆ. “ಎಲ್ಲಾ ತುಪ್ಪ ಇಟ್ಕಂಡು ನೋಡಾಣ. ಮೂಗು ಐತಲ್ಲ, ಪುಕ್ಕಟೆ.”

ಎದುರಿನ ಕಿರಾಣಿ ಅಂಗಡಿಯ ಗುರುಶಾಂತ ಕರೆಯುವ ಮೊದಲೇ ಬಂದ. ಖಾನಾವಳಿಗೆ ಪ್ಯಾಕೆಟ್ ತುಪ್ಪ ಹಾಕಬೇಕೆಂದು ಒಂದು ವರ್ಷದಿಂದ ಸುತ್ತುತ್ತಿದ್ದವನು. ತಟ್ಟೆಯಲ್ಲಿ ನಾಲ್ಕು ಡಬ್ಬಿ ಜೋಡಿಸಿ ತಂದಿದ್ದ.

“ನೋಡ್ರಿ ಹಾಲೇಶಣ್ಣ. ಇದು ಹೊನ್ನಧೇನು, ಆಕಳ ತುಪ್ಪ, ಕೆಜಿಗೆ ಏಳುನೂರ ಎಂಬತ್ತು. ಭರಮಕ್ಕನ ತುಪ್ಪಕ್ಕಿಂತ ಎರಡುನೂರ ಇಪ್ಪತ್ತು ಅಗ್ಗ. ಇದು ಕ್ಷೀರಮಣಿ, ಆರುನೂರ ತೊಂಬತ್ತು.”

“ಅದು ಯಾವುದರ ಹಾಲಿಂದು?” ಎಂದ ಹಾಲೇಶಪ್ಪ.

ಗುರುಶಾಂತ ಕನ್ನಡಕ ಏರಿಸಿ ಡಬ್ಬಿ ತಿರುಗಿಸಿದ. “ಹಾಲಿನ ಕೊಬ್ಬು ಅಂತ ಹಾಕ್ಯಾರ್ರಿ.”

“ಎಮ್ಮಿಗೂ ಹಾಲೈತಿ, ಆಕಳಿಗೂ ಹಾಲೈತಿ.”

“ಎರಡೂ ಕೂಡೇ ಇರ್ತಾವು ತಗೊಳ್ರಿ. ಆಕಳದ್ದೇ ಆಗಿದ್ರ ಆಕಳ ತುಪ್ಪ ಅಂತ ಎದಿ ಮ್ಯಾಲೆ ಬರೀತಿದ್ರು. ಈ ಗಾಜಿನ ಬಾಟ್ಲಿ ಜವಾರಿ ಆಕಳದ್ದು, ಮೊಸರು ಕಡದು ತಗದದ್ದು. ಎರಡು ಸಾವಿರದ ನೂರು.”

“ಅದನ್ನ ಹಾಕಿದ್ರ ಹೋಳಿಗಿ ಜೊತಿ ನಾನೂ ಬೇಯ್ತೀನಿ. ಆ ನಾಕನೇದ್ದು?”

“ಮುನ್ನೂರ ನಲವತ್ತು. ಬಾಳ ಹೋಗತೈತ್ರಿ.”

ಡಬ್ಬಿಯ ಮೇಲೆ ಹಾರ ಹಾಕಿದ ಹಸುವಿನ ಚಿತ್ರವಿತ್ತು. ಉಚ್ಚಂಗೆಪ್ಪ ಮುಚ್ಚಳ ತೆಗೆದ ಕೂಡಲೇ ಘಮ್ಮೆಂದು ವಾಸನೆ ಬಂತು. ಭರಮಮ್ಮ ತನ್ನ ಕ್ಯಾನಿನ ಕಡೆ ನೋಡಿದಳು. ಇಷ್ಟು ಅಗ್ಗದ್ದು ಇಷ್ಟು ಘಮಘಮಿಸಿದರೆ ತನ್ನದನ್ನು ಯಾರು ಕೇಳುತ್ತಾರೆ? ಆದರೆ ಉಚ್ಚಂಗೆಪ್ಪ ಅದನ್ನು ಹೊರಳಿಸಿ, ತಳದ ಇರುವೆಯಂಥ ಅಕ್ಷರವನ್ನು ಬೆರಳಿಟ್ಟು ಓದಿದ. “ದೀಪಕ್ಕೆ ಮಾತ್ರ. ಖಾದ್ಯಕ್ಕಲ್ಲ. ಏನ್ ಗುರುಶಾಂತಪ್ಪ, ಗಿರಾಕಿ ಹೊಟ್ಟ್ಯಾಗ ದೀಪ ಹಚ್ಚಾನು ಅಂದ್ಕಂಡ್ಯಾ?”

“ಹೋಲಿಸಾಕಂತ ತಂದೆ ಮಾರಾಯ!” ಗುರುಶಾಂತ ಅದನ್ನು ಅವಸರದಿಂದ ಚೀಲಕ್ಕೆ ಹಾಕಿಕೊಂಡ.

ಉಳಿದ ಮೂರು, ಭರಮಮ್ಮನ ಕ್ಯಾನಿನದು ಒಂದು, ಒಟ್ಟು ನಾಲ್ಕು ಬಟ್ಟಲು. ಉಚ್ಚಂಗೆಪ್ಪ ಎಲ್ಲದರಿಂದಲೂ ಒಂದೊಂದು ಚಮಚ ಅಂಗೈಗೆ ಹಾಕಿ ತಿಕ್ಕಿದ. ಹೊನ್ನಧೇನು ಕೈಗೆ ಬಿದ್ದದ್ದೇ ಕರಗಿತು. ಭರಮಮ್ಮನದು ಕಾಳುಕಾಳಾಗಿ ನಿಂತು, ತಡವಾಗಿ ಕರಗಿತು. ಆಮೇಲೆ ಹೆಂಚಿನಿಂದ ಆಗ ತೆಗೆದ ನಾಲ್ಕು ಹೋಳಿಗೆಗಳ ಮೇಲೆ ನಾಲ್ಕನ್ನೂ ಸುರಿದ.

ಹಾಲೇಶಪ್ಪ ಒಂದೊಂದನ್ನೂ ಮುರಿದು ಬಾಯಿಗಿಟ್ಟ. ಭರಮಮ್ಮ ಅವನ ದವಡೆಯನ್ನೇ ನೋಡುತ್ತ ನಿಂತಳು.

“ಹೊನ್ನಧೇನು ಬಣ್ಣ ಚಲೋ ಐತಿ. ವಾಸನಿನೇ ಇಲ್ಲ, ತುಪ್ಪದ ನೆರಳು ತಿಂದಂಗ.”

“ಕೆನಿ ತಗದು ಸೀದಾ ಕಾಸಿರ್ತಾರ” ಎಂದ ಉಚ್ಚಂಗೆಪ್ಪ. “ಮೊಸರಿನ ಹುಳಿ ಸೋಕದಿದ್ರೆ ಆ ಘಮ ಎಲ್ಲಿಂದ ಬರ್ಬೇಕು?”

“ಕ್ಷೀರಮಣಿ ಪರವಾಗಿಲ್ಲ. ಬಾಟ್ಲಿದು ಚಲೋ ಐತಿ, ಆದ್ರ ನಮ್ಮ ಊಟದ ರೇಟಿಗೆ ಆಗಂಗಿಲ್ಲ.” ನಾಲ್ಕನೆಯ ಹೋಳಿಗೆಯನ್ನು ಹಾಲೇಶಪ್ಪ ಎರಡು ಸಲ ಮುರಿದ. “ಇದು… ಇದೇ ನಮ್ಮದು. ವನಸ್ಪತಿ ಆಗಿದ್ರ ಅಂಗುಳಕ್ಕ ಮೇಣದಂಗ ಹತ್ತುತಿತ್ತು. ಹತ್ತಂಗಿಲ್ಲ. ಘಮನೂ ಐತಿ.”

ಭರಮಮ್ಮನಿಗೆ ಉಸಿರು ಬಂತು. “ಹೇಳಲಿಲ್ಲೇನ್ರಿ ಅಣ್ಣಾರ! ನಾನು—”

“ತಡಿ ತಂಗಿ” ಎಂದ ಉಚ್ಚಂಗೆಪ್ಪ. ಅವನ ದನಿ ಮೆತ್ತಗಾಗಿತ್ತು, ಅದಕ್ಕೇ ಅವಳಿಗೆ ಹೆದರಿಕೆಯಾಯಿತು. ಅವನು ಕ್ಯಾನಿನ ತಳಕ್ಕೆ ಚಮಚ ಇಳಿಸಿ, ಕೆಳಗೆ ಕೂತ ಗಸಿಯನ್ನು ಎತ್ತಿ ಹೆಬ್ಬೆರಳಿಗೆ ಹಚ್ಚಿಕೊಂಡ. ಸೊಂಟದ ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದ. ಎಲೆಗೆ ಹಚ್ಚುವಷ್ಟೇ ಸುಣ್ಣವನ್ನು ಆ ತುಪ್ಪಕ್ಕೆ ಸೇರಿಸಿ ತಿಕ್ಕಿದ.

ಹೆಬ್ಬೆರಳು ಕೆಂಪಾಯಿತು. ಆರತಿ ತಟ್ಟೆಯ ನೀರಿನ ಹಾಗೆ ಕೆಂಪು.

ಅರಿಶಿಣಕ್ಕೆ ಸುಣ್ಣ ಬಿದ್ದರೆ ಏನಾಗುತ್ತದೆಂದು ಆ ಅಡುಗೆಮನೆಯಲ್ಲಿ ಗೊತ್ತಿಲ್ಲದವರು ಯಾರಿದ್ದರು?

“ಎಮ್ಮಿ ತುಪ್ಪಕ್ಕ ಅರಿಶಿಣ ಹಚ್ಚಿ ಆಕಳು ಮಾಡೀಯೇನು?” ಹಾಲೇಶಪ್ಪ ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

“ನಮ್ಮವ್ವನೂ ಹಾಕ್ತಿದ್ಲು ಅಣ್ಣಾರ… ಒಂದು ಚಿಟಿಕಿ…”

“ಇದು ಚಿಟಿಕಿ ಅಲ್ಲವ್ವ.”

ಭರಮಮ್ಮ ಅಲ್ಲೇ ಹಿಟ್ಟಿನ ಚೀಲದ ಪಕ್ಕ ಕೂತಳು. “ಗೌರಿ ಹಾಲು ಬತ್ತಿಸೀನಿ. ಆರ್ಡರ್ ತಪ್ಪಿದ್ರ ಅದನ್ನ ಮಾರಿಬಿಡ್ತಾರ. ಒಂದು ಕೆಜಿ ಆಕಳ ತುಪ್ಪಕ್ಕ ಇಪ್ಪತ್ತೈದು ಲೀಟರ್ ಹಾಲು ಬೇಕ್ರಿ, ಬೇರೆ ಕಡೆಯಿಂದ ತರಾಕ ನನಗ ಎಲ್ಲಿ ಆಗಬೇಕು? ಎಮ್ಮಿದಾದ್ರ ಹದಿನೈದು ಲೀಟರ್‌ಗೆ ಬರತೈತಿ. ಮನ್ಯಾಗ ಅದೇ ಇತ್ತು. ಹಾಲು ನಂದು, ಹೆಪ್ಪು ನಂದು, ಕಡದದ್ದು ನಾನು. ಎರಡೇ ತಿಂಗಳು ತಡೀರಿ. ಎಮ್ಮಿ ರೇಟಿಗೇ ಕೊಡ್ತೀನಿ, ಏಳುನೂರೈವತ್ತಕ್ಕ.”

“ಎಮ್ಮಿ ತುಪ್ಪ ಕೆಟ್ಟದ್ದು ಅಂತ ಯಾರಂದ್ರು?” ಹಾಲೇಶಪ್ಪನಿಗೆ ಈಗ ಸಿಟ್ಟು ಬಂತು. “ಮೊದಲ ದಿನನೇ ಹೇಳಿದ್ರ ನಾಲಿಗಿ ಸವೀತಿತ್ತೇನು? ಹೊರಗ ಹಲಗಿ ಮ್ಯಾಲೆ ನಮ್ಮಪ್ಪ ಬರೆದಂಗ ನಾನೂ ಬರಕೋತ ಬಂದೀನಿ. ಮೂರು ವಾರ ನನ್ನ ಕೈಲಿ ಸುಳ್ಳು ಬರಸ್ದಿ.”

“ಧಣೇರ, ಆ ಘಮ ಬ್ಯಾರೆ ಯಾವ ಡಬ್ಬ್ಯಾಗೂ ಇಲ್ಲ” ಎಂದ ಉಚ್ಚಂಗೆಪ್ಪ, ಕೆಂಪು ಹೆಬ್ಬೆರಳನ್ನು ಪಂಚೆಗೆ ಒರೆಸುತ್ತ.

“ಹೊನ್ನಧೇನು ಇಪ್ಪತ್ತು ಕಮ್ಮಿ ಮಾಡ್ತೀನ್ರಿ” ಎಂದ ಗುರುಶಾಂತ.

“ನೀ ಸುಮ್ನಿರೋ!” ಹಾಲೇಶಪ್ಪ ಕ್ಯಾನಿನ ಮುಚ್ಚಳ ಒತ್ತಿ, ಅವಳ ಕಡೆ ನೋಡದೆ ಹೇಳಿದ: “ಹೊರಗ ಹೋಗು ಭರಮವ್ವ. ಹಲಗಿ ಸುಳ್ಳು ಹೇಳಬಾರ್ದು. ಅಷ್ಟೇ.”

ಕ್ಯಾನು ಅಲ್ಲೇ ಉಳಿಯಿತು. ಅದನ್ನು ಕೇಳುವ ಧೈರ್ಯವೂ ಅವಳಿಗಿರಲಿಲ್ಲ. ರಸ್ತೆ ದಾಟಿ, ಮುಚ್ಚಿದ ಒಂದು ಅಂಗಡಿಯ ಕಟ್ಟೆಯ ಮೇಲೆ ಕೂತಳು. ಮಡಿಲು ಖಾಲಿ ಖಾಲಿ ಅನಿಸಿತು. ಇಷ್ಟು ಹೊತ್ತಿಗೆ ಗೌರಿ ನೀರಿಗೆ ಕೂಗುತ್ತಿರುತ್ತದೆ. ದಲ್ಲಾಳಿ ಬಾಲ ಎತ್ತಿ, ಕೆಚ್ಚಲು ಹಿಸುಕಿ ನೋಡುತ್ತಿರುತ್ತಾನೆ. ಅರಿಶಿಣದ ಡಬ್ಬಿಯ ಮೇಲೆ ಅವಳಿಗೆ ಹುಚ್ಚು ಸಿಟ್ಟು ಬಂತು, ಅವ್ವನ ಮೇಲೆ ಬಂತು, ಕೊನೆಗೆ ಅರಿಶಿಣ ಹಾಕಿದ ತನ್ನ ಕೈಯ ಮೇಲೆಯೇ ಬಂತು.

ಫೋನು ಬಡಿದುಕೊಂಡಿತು. ಪಾಲಾಕ್ಷಪ್ಪ.

“ಎಲ್ಲಿ ಅದೀಯಲೇ? ದಲ್ಲಾಳಿ ಬಂದಾನ. ಐವತ್ತೆರಡು ಸಾವಿರಕ್ಕ ನಿಂತಾನ, ಗಾಡಿನೂ ತಂದಾನ.”

“ಮುಟ್ಟಾಕ ಬಿಡಬ್ಯಾಡ್ರಿ. ನಾ ಬರೂತನಕ ಹಗ್ಗ ಬಿಚ್ಚಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ.”

“ಮಾತು ಒಂದೇ ಐತಲ್ಲ. ಆರ್ಡರ್ ಉಳೀತೋ ಇಲ್ಲೋ? ಅದು ಹೇಳು.”

ಅವಳು ಸುಳ್ಳು ಹೇಳಬಹುದಿತ್ತು, ಮೂರು ವಾರ ಹೇಳಿ ರೂಢಿಯಾಗಿತ್ತು. ಆದರೆ ಕಣ್ಣೆದುರು ಆ ಕೆಂಪು ಹೆಬ್ಬೆರಳೇ ಕುಣಿಯುತ್ತಿತ್ತು.

“ಇಲ್ಲ…” ಎಂದಳು. “ಗೊತ್ತಿಲ್ರಿ. ಎಮ್ಮಿದು ಅಂತ ತಿಳದೈತಿ ಅವರಿಗೆ.”

“ಮತ್ತ ಆತಲ್ಲ!” ಎಂದ ಪಾಲಾಕ್ಷಪ್ಪ. ಅವನ ಹಿಂದೆ ಎಲ್ಲೋ ಗೌರಿ ಅಂಬಾ ಎಂದಿತು.

“ಹಲೋ… ಕೇಳ್ರಿ ಇಲ್ಲೆ…” ಭರಮಮ್ಮ ಫೋನನ್ನು ಕಿವಿಗೆ ಒತ್ತಿಕೊಂಡಳು.

ಎದುರು ಖಾನಾವಳಿಯ ಬಾಗಿಲಿಗೆ ಉಚ್ಚಂಗೆಪ್ಪ ಬಂದ. ಒಂದು ಕೈಯಲ್ಲಿ ಸ್ಟೂಲು, ಇನ್ನೊಂದರಲ್ಲಿ ಹಸಿ ಬಟ್ಟೆ. ಮೆಲ್ಲಗೆ ಹತ್ತಿ ನಿಂತು, ಕರಿಹಲಗೆಯ ಮೇಲಿದ್ದ ‘ಆಕಳ’ ಎಂಬ ಒಂದೇ ಪದವನ್ನು ಒರೆಸಿದ. ಕಿವಿಯ ಮೇಲಿನ ಸೀಮೆಸುಣ್ಣ ತೆಗೆದು, ಏನು ಬರೆಯಲಿ ಎಂಬಂತೆ ಒಳಗೆ ಕತ್ತು ತಿರುಗಿಸಿದ. ಒಳಗಿನಿಂದ ಹಾಲೇಶಪ್ಪ ಏನೋ ಹೇಳಿದ್ದು ಕೇಳಿಸಿತು. ಅವನು ತಲೆಯಾಡಿಸಿ, ಆ ಖಾಲಿ ಜಾಗದಲ್ಲಿ ಮೊದಲ ಅಕ್ಷರ ‘ಎ’ ಬರೆದ.